ರಕ್ತದಲ್ಲಿ ಕಾಣಲಿಲ್ಲ ಅಂದರೆ ಸರ್ರಾ ಇಲ್ಲ ಅಂತಲೇ?

ಪ್ರಶ್ನೆ: ನಮ್ಮಲ್ಲಿ ಒಂದು ಹೆಣ್ಣು ಕುದುರೆ, ಮೂರು ಹಸು ಇವೆ. ಕುದುರೆಗೆ ಹದಿನೈದು ದಿನದಿಂದ ಜ್ವರ ಬರುತ್ತೆ, ಹೋಗುತ್ತೆ. ಹೊಟ್ಟೆಯ ಕೆಳಗೆ ನೀರು ತುಂಬಿದಂತೆ ಬಾವು ಇದೆ, ಮೇವು ತಿಂದರೂ ಸೊರಗುತ್ತಿದೆ. ಸರ್ರಾ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ ಎಂದು ಬಂತು. ಹಾಗಾದರೆ ನಿಶ್ಚಿಂತೆಯಿಂದ ಇರಬಹುದಾ? ಪಕ್ಕದಲ್ಲೇ ಕಟ್ಟುವ ಹಸುಗಳು ಚೆನ್ನಾಗಿಯೇ ಇವೆ, ಅವಕ್ಕೂ ಪರೀಕ್ಷೆ ಬೇಕಾ?

ಉತ್ತರ: ನಿಶ್ಚಿಂತೆಯಿಂದ ಇರಬೇಡಿ. ರಕ್ತವನ್ನು ಇನ್ನೊಮ್ಮೆ ನೋಡಿಸಬೇಕು. ಈ ಸಲ ಜ್ವರ ಏರಿದ ದಿನವೇ ತೆಗೆಸಿ, ಬೇರೆ ವಿಧಾನದಲ್ಲಿ ನೋಡಿಸಿ. ಹಸುಗಳ ರಕ್ತವೂ ಜೊತೆಗೇ ಹೋಗಲಿ.

ಸರ್ರಾ ತರುವುದು ಟ್ರಿಪನೋಸೋಮಾ ಇವಾನ್ಸೈ ಎಂಬ ಏಕಕೋಶ ಪರಾವಲಂಬಿ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಕಾಯಿಲೆ ಬಿದ್ದ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ಇದು ರಕ್ತದಲ್ಲಿ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಇದರ ಮೈಮೇಲೆ ಒಂದು ಪ್ರೋಟೀನ್ ಹೊದಿಕೆ ಇದೆ. ಪ್ರಾಣಿಯ ದೇಹ ಆ ಹೊದಿಕೆಯನ್ನು ಗುರುತಿಸಿ ಪ್ರತಿಕಾಯ ತಯಾರಿಸಿದಾಗ ಬಹುಪಾಲು ಪರಾವಲಂಬಿಗಳು ಸಾಯುತ್ತವೆ, ಜ್ವರ ಇಳಿಯುತ್ತದೆ. ಅಷ್ಟರಲ್ಲಿ ಕೆಲವು ಹೊದಿಕೆ ಬದಲಿಸಿಕೊಂಡಿರುತ್ತವೆ. ಅವು ಉಳಿದು ಮತ್ತೆ ಹೆಚ್ಚುತ್ತವೆ, ಜ್ವರ ಮತ್ತೆ ಏರುತ್ತದೆ. ನಿಮ್ಮ ಕುದುರೆಯ ಬಂದು ಹೋಗುವ ಜ್ವರ ಈ ನಡೆಗೆ ಹೊಂದುತ್ತದೆ. ಜ್ವರವಿಲ್ಲದ ದಿನ ರಕ್ತ ತೆಗೆದಿದ್ದರೆ ಏನೂ ಕಾಣದೇ ಇರುವುದು ಸಹಜ.

ಇನ್ನು ಪರೀಕ್ಷೆಯ ಮಿತಿ. ಗಾಜಿನ ಮೇಲೆ ಎರಡು ಮೂರು ಮೈಕ್ರೊಲೀಟರ್ ರಕ್ತ ಹಾಕಿ, ಕವರ್ ಸ್ಲಿಪ್ ಮುಚ್ಚಿ, ಒಣಗುವ ಮೊದಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು ಎಲ್ಲಕ್ಕಿಂತ ಸುಲಭದ ವಿಧಾನ. ಒಂದು ಮಿ.ಲೀ. ರಕ್ತದಲ್ಲಿ 1 ಲಕ್ಷ ಪರಾವಲಂಬಿಗಳಿವೆ ಎಂದುಕೊಳ್ಳಿ. ಆ ಹನಿಯಲ್ಲಿ ಬರುವುದು ಇನ್ನೂರು ಮುನ್ನೂರು. ಅವು ಇಡೀ ಕವರ್ ಸ್ಲಿಪ್‌ನಡಿ ಹರಡಿಕೊಂಡಾಗ, ಸೂಕ್ಷ್ಮದರ್ಶಕವನ್ನು ಹತ್ತು ಕಡೆ ಸರಿಸಿ ನೋಡಿದರೆ ಒಂದು ಸಿಕ್ಕೀತು. ಮಿ.ಲೀ.ಗೆ ಹತ್ತು ಸಾವಿರವಷ್ಟೇ ಇದ್ದರೆ ನೂರು ಕಡೆ ನೋಡಬೇಕು. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಸಿಕ್ಕಾಗ ಮಾತ್ರ ತಪ್ಪಿಸಿಕೊಳ್ಳುವುದಿಲ್ಲ: ಸುತ್ತಲಿನ ಕೆಂಪು ರಕ್ತಕಣಗಳು ಯಾರೋ ತಳ್ಳಿದಂತೆ ಅದುರಿ ಪಕ್ಕಕ್ಕೆ ಸರಿಯುತ್ತವೆ, ನಡುವೆ ಬಳುಕುವ ಒಂದು ಎಳೆ ಕಾಣುತ್ತದೆ. ಅದರ ಉದ್ದ ಕುದುರೆಯ ಕೆಂಪು ಕಣದ ನಾಲ್ಕು ಪಟ್ಟು. ಅದೇ ರಕ್ತವನ್ನು ತೆಳ್ಳಗೆ ಬಳಿದು, ಒಣಗಿಸಿ, ಜೀಮ್ಸಾ ಬಣ್ಣ ಹಾಕಿದರೆ ನೇರಳೆ ಕೋಶಕೇಂದ್ರ, ಅಲೆ ಅಲೆಯಾದ ಪೊರೆ, ಬಾಲದಂಥ ಕಶಾಂಗ ಎಲ್ಲ ಸ್ಪಷ್ಟವಾಗುತ್ತವೆ. ಆದರೆ ಕಡಿಮೆ ಸಂಖ್ಯೆಯಲ್ಲಿದ್ದರೆ ಬಣ್ಣವೂ ನೆರವಾಗದು.

ಹಾಗಾಗಿ ನಾನು ಮಾಡಿಸುವುದು ವೂ ವಿಧಾನ. ಕೂದಲಿನಂತೆ ಸಣ್ಣ ರಂಧ್ರದ ಗಾಜಿನ ನಳಿಕೆಗೆ ರಕ್ತ ತುಂಬಿ ವೇಗವಾಗಿ ಐದು ನಿಮಿಷ ತಿರುಗಿಸುತ್ತಾರೆ. ಕೆಂಪು ಕಣಗಳು ಕೆಳಗೆ, ಸೀರಮ್‌ನಂಥ ತಿಳಿ ಮೇಲೆ, ನಡುವೆ ಬಿಳಿ ಕಣಗಳ ತೆಳು ಪದರ ನಿಲ್ಲುತ್ತದೆ. ಪರಾವಲಂಬಿಗಳು ಆ ಬಿಳಿ ಪದರದ ಅಂಚಿನಲ್ಲಿ ಒಟ್ಟಾಗುವುದರಿಂದ ನಳಿಕೆಯನ್ನು ಹಾಗೇ ಮಲಗಿಸಿ ಅಷ್ಟು ಜಾಗ ನೋಡಿದರೆ ಸಾಕು. ಮಿ.ಲೀ.ಗೆ ನೂರರ ಆಸುಪಾಸಿನಲ್ಲಿದ್ದರೂ ಓಡಾಟ ಕಾಣುವುದುಂಟು. ಅದೇ ನಳಿಕೆಯಲ್ಲಿ ಕೆಂಪು ಕಣಗಳ ಪ್ರಮಾಣ ಅಳೆದರೆ ರಕ್ತಹೀನತೆಯೂ ಗೊತ್ತಾಗುತ್ತದೆ. ಆದರೆ ಇಲ್ಲಿ ನೋಡುವುದು ಚಲನೆಯನ್ನು. ಸತ್ತದ್ದು ಕಾಣಿಸದು. ಆದ್ದರಿಂದ ಹೆಪ್ಪುಗಟ್ಟುವುದನ್ನು ತಡೆಯುವ ಇಡಿಟಿಎ ನಳಿಕೆಯಲ್ಲಿ ತೆಗೆದ ರಕ್ತ ಬಿಸಿಲಿಗೆ ಬೀಳದಂತೆ, ತಣ್ಣಗೆ, ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯ ತಲುಪಬೇಕು. ಮಾರನೇ ದಿನ ತಲುಪಿದ ರಕ್ತದಲ್ಲಿ "ಇಲ್ಲ" ಎಂದರೆ ಅದನ್ನು ನಂಬಬೇಡಿ. ಅಷ್ಟು ದೂರ ಕಳಿಸುವುದಾದರೆ ಪರಾವಲಂಬಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕೇಳಿ, ಅದಕ್ಕೆ ಪರಾವಲಂಬಿ ಬದುಕಿರಬೇಕಿಲ್ಲ.

ನಾನು ನೋಡಿದ ಒಂದು ಕುದುರೆಯದ್ದೂ ನಿಮ್ಮದರಂತೆಯೇ ಇತ್ತು. ಮೊದಲ ಸಲ ರಕ್ತ ತೆಗೆದ ದಿನ ಮೈಬಿಸಿ 100.6 ಡಿಗ್ರಿ ಫ್ಯಾರನ್‌ಹೀಟ್, ಗಾಜಿನ ಮೇಲೆ ಬಳಿದು ನೋಡಿದ ರಕ್ತದಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ಬರೆದಿಡಿ, 103 ದಾಟಿದ ಕೂಡಲೇ ತಿಳಿಸಿ ಎಂದೆ. ಐದನೇ ದಿನ ಸಂಜೆ 104.2 ಇತ್ತು. ಆಗ ತೆಗೆದ ರಕ್ತವನ್ನು ನಳಿಕೆಯಲ್ಲಿ ತಿರುಗಿಸಿ ನೋಡಿದರೆ ಬಿಳಿ ಪದರದಂಚು ಕುದಿಯುವಂತೆ ಕಾಣಿಸಿತು. ಕೆಂಪು ಕಣಗಳ ಪ್ರಮಾಣ ಶೇ 21ಕ್ಕೆ ಇಳಿದಿತ್ತು, ಆರೋಗ್ಯವಂತ ಕುದುರೆಯಲ್ಲಿ ಅದು 32ಕ್ಕಿಂತ ಮೇಲಿರುತ್ತದೆ. ಅದರ ಪಕ್ಕದ ಹಸುಗಳೂ ಮೂರೇ. ಹಾಲು ಸ್ವಲ್ಪ ಇಳಿದಿದ್ದ ಒಂದರಲ್ಲಿ ಬಹಳ ಹುಡುಕಿದ ಮೇಲೆ ಎರಡು ಪರಾವಲಂಬಿ ಸಿಕ್ಕವು. ಅದಕ್ಕೆ ಜ್ವರವೇ ಇರಲಿಲ್ಲ.

ನಿಮ್ಮ ಹಸುಗಳ ಪ್ರಶ್ನೆಗೆ ಉತ್ತರ ಅಲ್ಲಿದೆ. ಕುದುರೆಗೆ ಚಿಕಿತ್ಸೆ ಸಿಗದಿದ್ದರೆ ಸರ್ರಾ ಸಾಮಾನ್ಯವಾಗಿ ಪ್ರಾಣ ತೆಗೆಯುತ್ತದೆ. ದನ ಎಮ್ಮೆಗಳು ಎಷ್ಟೋ ಸಲ ತಿಂಗಳುಗಟ್ಟಲೆ ಹೊತ್ತುಕೊಂಡು ಓಡಾಡುತ್ತವೆ, ಹೊರಗೆ ಗೊತ್ತಾಗುವುದು ಹಾಲು ಇಳಿಯುವುದು, ಗರ್ಭ ಹೋಗುವುದು, ಇಷ್ಟೇ. ಅಪರೂಪಕ್ಕೆ ಹಸು ಒಮ್ಮೆಲೇ ಸುತ್ತು ತಿರುಗಿ, ಗೋಡೆಗೆ ತಲೆ ಒತ್ತಿ ಸಾಯುವುದೂ ಉಂಟು.

ಪರಾವಲಂಬಿಯನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುವುದು ಕಚ್ಚುವ ನೊಣ, ಮುಖ್ಯವಾಗಿ ಟಬಾನಸ್ ಜಾತಿಯ ದೊಡ್ಡ ಕುದುರೆ ನೊಣ, ಮತ್ತೆ ಕೊಟ್ಟಿಗೆಯಲ್ಲಿ ಕಾಲಿಗೆ ಕೂರುವ ಸ್ಟೊಮಾಕ್ಸಿಸ್. ಪರಾವಲಂಬಿ ನೊಣದೊಳಗೆ ಬೆಳೆಯುವುದಿಲ್ಲ, ಮರಿ ಮಾಡುವುದಿಲ್ಲ. ನೊಣ ಬರೀ ಕೊಳೆ ಸೂಜಿಯಂತೆ ಕೆಲಸ ಮಾಡುತ್ತದೆ. ಕುದುರೆ ನೊಣ ಚರ್ಮ ಕುಯ್ದು ರಕ್ತ ಹೀರುವಾಗ ನೋವಾಗಿ ಪ್ರಾಣಿ ಬಾಲ ಬೀಸುತ್ತದೆ, ಹೊಟ್ಟೆ ತುಂಬದ ನೊಣ ಎದ್ದು ಪಕ್ಕದ ಪ್ರಾಣಿಯ ಮೇಲೆ ಕೂರುತ್ತದೆ. ಬಾಯಿಗೆ ಅಂಟಿದ ರಕ್ತ ಒಂದು ಮೈಕ್ರೊಲೀಟರ್‌ನ ನೂರನೇ ಒಂದು ಭಾಗದಷ್ಟು. ಮಿ.ಲೀ.ಗೆ 1 ಲಕ್ಷ ಇರುವ ರಕ್ತವಾದರೆ ಅಷ್ಟರಲ್ಲಿ ಸರಾಸರಿ ಒಂದು ಪರಾವಲಂಬಿ ಬರುತ್ತದೆ. ಸಾವಿರವಷ್ಟೇ ಇರುವ ಹಸುವಿನಿಂದ ಹೊರಟರೆ ನೂರು ನೊಣಕ್ಕೆ ಒಂದು. ಜ್ವರ ಏರಿದ ಕುದುರೆ ಹೆಚ್ಚು ಅಪಾಯಕಾರಿ ಎನ್ನುವುದು ಇದಕ್ಕೇ. ಆದರೆ ನೊಣದ ಕಾಲದಲ್ಲಿ ಹಸುವಿನ ಮೈಮೇಲೆ ಕೂತೇಳುವ ನೊಣಗಳು ನೂರಕ್ಕೆ ನಿಲ್ಲುವುದಿಲ್ಲ.

ಬಾಯಿಯ ರಕ್ತದಲ್ಲಿ ಪರಾವಲಂಬಿ ಹೆಚ್ಚು ಹೊತ್ತು ಉಳಿಯದು. ದಾಟುವುದು ಮುಖ್ಯವಾಗಿ ಮೊದಲ ಕೆಲವು ನಿಮಿಷಗಳಲ್ಲಿ. ಅದಕ್ಕೇ ಕುದುರೆಯನ್ನು ಹಸುಗಳಿಂದ ದೂರ ಕಟ್ಟುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಪಕ್ಕದಲ್ಲಿ ಬೇರೆ ಪ್ರಾಣಿ ಇಲ್ಲದಿದ್ದರೆ ಎದ್ದ ನೊಣ ತಿರುಗಿ ಅದೇ ಕುದುರೆಯ ಮೇಲೆ ಕೂರುತ್ತದೆ. ಜಾಗ ಇದ್ದಷ್ಟೂ ದೂರ ಕಟ್ಟಿ, ಇವತ್ತೇ.

ಫಲಿತಾಂಶ ಬರುವ ಮೊದಲು ಯಾರೂ ಸರ್ರಾ ಚುಚ್ಚುಮದ್ದು ಕೊಡದಂತೆ ನೋಡಿಕೊಳ್ಳಿ, ರಕ್ತ ತೆಗೆದ ಮೇಲೆಯೇ ಮದ್ದು. ಕುದುರೆ ಬಹಳ ಸೊರಗಿದ್ದು ಕಾಯುವ ಹಾಗಿಲ್ಲ ಎಂದಾದರೂ ಮೊದಲು ಒಂದು ನಳಿಕೆ ತೆಗೆದಿಡಿ. ದನಕ್ಕೆ ಕೊಡುವ ಡಿಮಿನಾಜಿನ್ ಕುದುರೆಗೆ ಅಷ್ಟು ಒಗ್ಗುವುದಿಲ್ಲ. ಕುದುರೆಗೆ ಬಳಸುವ ಕ್ವಿನಾಪೈರಮಿನ್ ಕೊಟ್ಟ ಮೇಲೂ ಬೆವರು, ಜೊಲ್ಲು, ಹೊಟ್ಟೆನೋವು ಬರಬಹುದು, ವೈದ್ಯರು ಸ್ವಲ್ಪ ಹೊತ್ತು ಅಲ್ಲೇ ಇರಲಿ. ಪ್ರತಿ ಪ್ರಾಣಿಗೂ ಹೊಸ ಸೂಜಿ ತೆಗೆಯಲು ಹೇಳಿ, ನೊಣಕ್ಕಿಂತ ಬಹಳ ಹೆಚ್ಚು ರಕ್ತ ಸೂಜಿಯಲ್ಲಿ ಉಳಿದಿರುತ್ತದೆ.

ವಾಸಿಯಾಯಿತೇ ಎಂದು ನೋಡಲು ಪ್ರತಿಕಾಯ ಪರೀಕ್ಷೆ ಮಾಡಿಸಬೇಡಿ, ಪರಾವಲಂಬಿ ಹೋದ ಮೇಲೂ ಅದು ತಿಂಗಳುಗಟ್ಟಲೆ ಇದೆ ಎಂದೇ ತೋರಿಸುತ್ತದೆ. ಮೈಬಿಸಿ ಬರೆಯುವ ಪುಸ್ತಕವನ್ನು ಎರಡು ತಿಂಗಳಾದರೂ ಮುಂದುವರಿಸಿ. ಮಿದುಳಿಗೆ ಸೇರಿದ ಪರಾವಲಂಬಿಗೆ ಈ ಮದ್ದು ಸರಿಯಾಗಿ ತಲುಪುವುದಿಲ್ಲ, ಅಲ್ಲಿಂದ ಅದು ರಕ್ತಕ್ಕೆ ಮರಳಬಹುದು. ಹಾಗಾದರೆ ಪುಸ್ತಕದಲ್ಲಿ ಮತ್ತೆ 103 ಕಾಣುತ್ತದೆ, ಅಥವಾ ತಿರುಗುವಾಗ ಕುದುರೆಯ ಹಿಂಗಾಲು ತೊಡರುತ್ತದೆ. ಎರಡರಲ್ಲಿ ಯಾವುದು ಕಂಡರೂ ಅದೇ ದಿನ ಇನ್ನೊಂದು ನಳಿಕೆ ರಕ್ತ ತೆಗೆಸಿ.