ಮಂಡ್ಯದ ಶಾಂತಮ್ಮನ ಸಿಟ್ಟು ಎಲ್ಲಿಂದ ಬಂತು?

ಹೆಸರು, ಊರು, ಒಂದಿಷ್ಟು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಶಾಂತಮ್ಮನಿಗೆ 41 ವರ್ಷ. ಮಂಡ್ಯದ ಹತ್ತಿರದ ಹಳ್ಳಿ, ಗಂಡ ಕಬ್ಬು ಬೆಳೆಗಾರ. ಮೈಸೂರಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಅವರನ್ನು ಕರೆತಂದ ಗಂಡ ಹೇಳಿದ್ದು ಇಷ್ಟೇ: "ಇವ್ಳು ಇವ್ಳಾಗಿಲ್ಲ ಮೇಡಂ. ರಾತ್ರಿ ನಿದ್ದೆ ಮಾಡಲ್ಲ, ಅಮ್ಮನ ಮೇಲೆ ಬಾಯಿಗೆ ಬಂದಂಗೆ ಕೂಗಾಡ್ತಾಳೆ." ನಾಲ್ಕು ತಿಂಗಳಿಂದ ಹೀಗೆ. ಬಿಪಿ, ಸಕ್ಕರೆ ಎರಡೂ ಹೊಸದಾಗಿ ಬಂದಿದ್ದವು. ಅತ್ತೆ ಸೊಸೆ ಜಗಳ, ಜೊತೆಗೆ ಮುಟ್ಟು ನಿಲ್ಲುವ ಹೊತ್ತಿನ ಕಿರಿಕಿರಿ ಅಂತ ನಾನು ಎರಡು ಭೇಟಿ ಕಳೆದೆ. ಅದು ನನ್ನ ತಪ್ಪು.

ಮೂರನೇ ಸಲ ಮಾತು ಮುಗಿದು ಏಳುವಾಗ ಅವರು ಎರಡೂ ಕೈಯನ್ನು ಮೇಜಿನ ಮೇಲೆ ಊರಿದರು. ಆದರೂ ಏಳಲಾಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ ಎದ್ದರು. ಆಗ ಕೈ ನೋಡಿದೆ. ಬೆರಳ ಗೆಣ್ಣುಗಳು ಕಪ್ಪಾಗಿದ್ದವು, ಬಳೆ ತಾಗುವ ಜಾಗದಲ್ಲಿ ನೀಲಿ ಕಲೆ. "ಬಿದ್ರಾ?" ಅಂದೆ. "ಇಲ್ಲ, ಸುಮ್ನೆ ಬಳೆ ತಾಗಿದ್ರೂ ಹಿಂಗಾಗುತ್ತೆ." ಜಗಳದಿಂದ ತೊಡೆಯ ಬಲ ಹೋಗಲ್ಲ ಅಲ್ವಾ? ಅವತ್ತು ನಾನು ಕೊಟ್ಟ ಸಲಹೆ ಒಂದೇ. ಮಾತು ಆಮೇಲೆ ಆಡೋಣ, ನಾಳೆಯೇ ಫಿಸಿಷಿಯನ್ ಹತ್ತಿರ ಹೋಗಿ ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಕಾರ್ಟಿಸಾಲ್ ಎನ್ನುವ ಹಾರ್ಮೋನು ನೋಡಿಸಿ.

ಪೊಟ್ಯಾಸಿಯಂ 2.4 ಇತ್ತು. 3.5ಕ್ಕಿಂತ ಕೆಳಗಿದ್ದರೇ ಕಮ್ಮಿ. ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟು ಬೆಳಿಗ್ಗೆ ರಕ್ತ ತೆಗೆದರೆ ಕಾರ್ಟಿಸಾಲ್ 1.8ರ ಒಳಗೆ ಇಳಿಯಬೇಕು. ಇವರದು 39. ಕಾರ್ಟಿಸಾಲ್ ಮಾಡುವುದು ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ. ಅದಕ್ಕೆ "ಮಾಡು" ಅಂತ ಹೇಳುವುದು ಎಸಿಟಿಎಚ್ ಎನ್ನುವ ಹಾರ್ಮೋನು. ಇವರಲ್ಲಿ ಆ ಎಸಿಟಿಎಚ್ಚೇ ಜಾಸ್ತಿ ಇತ್ತು. ಗೆಣ್ಣು ಕಪ್ಪಾಗಿದ್ದೂ ಅದರಿಂದಲೇ. ಅತಿಯಾದ ಕಾರ್ಟಿಸಾಲ್ ಸ್ನಾಯು ಕರಗಿಸುತ್ತದೆ, ನಿದ್ದೆ ಕೆಡಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಸಿಟ್ಟು ನೆತ್ತಿಗೇರಿಸುತ್ತದೆ.

ಅವರು ಮತ್ತೆ ನನ್ನ ಹತ್ತಿರ ಬಂದಿದ್ದು ಗಲಾಟೆ ಮಾಡಿಕೊಂಡು. ತಲೆಯ ಎಂಆರ್‌ಐನಲ್ಲಿ ಪಿಟ್ಯುಟರಿ ಗ್ರಂಥಿಯ ಮೇಲೆ 4 ಮಿಲಿಮೀಟರ್ ಚುಕ್ಕೆ ಕಂಡಿತ್ತು. ಎಸಿಟಿಎಚ್ ಸಾಮಾನ್ಯವಾಗಿ ಹುಟ್ಟುವುದೇ ಆ ಗ್ರಂಥಿಯಲ್ಲಿ. ಶಾಂತಮ್ಮನ ತಮ್ಮ ಕೂತಲ್ಲಿ ಕೂರುತ್ತಿರಲಿಲ್ಲ: "ಗಡ್ಡೆ ಕಾಣ್ತಾ ಇದೆ, ತೆಗೆದು ಬಿಸಾಕಿ ಅಂದ್ರೆ ಇನ್ನೊಂದು ಪರೀಕ್ಷೆ ಅಂತಾರೆ. ತೊಡೆಸಂದಿಯಿಂದ ತಲೆವರೆಗೂ ವೈರ್ ತೂರಿಸ್ತಾರಂತೆ!" ಇನ್ನೊಂದು ದೂರೂ ಇತ್ತು. ಪೊಟ್ಯಾಸಿಯಂ, ಬಿಪಿ, ಸಕ್ಕರೆಗೆ ಔಷಧಿ ಶುರುವಾಗಿತ್ತು. ಕಾರ್ಟಿಸಾಲ್ ಇಳಿಸುವ ಮಾತ್ರೆ ಮಾತ್ರ ಪರೀಕ್ಷೆ ಮುಗಿಯಲಿ ಅಂತ ತಡೆದಿದ್ದರು. ಅಕ್ಕ ನರಳುತ್ತಿದ್ದರೂ ಕೊಡುತ್ತಿಲ್ಲ ಅಂತ ತಮ್ಮನಿಗೆ ಕೋಪ.

ನಾನು ಡಾಕ್ಟರ್ ಅಲ್ಲ. ಎಂಡೋಕ್ರೈನ್ ತಜ್ಞರಿಗೆ ಫೋನ್ ಮಾಡಿ ಕೇಳಿಕೊಂಡು ಮನೆಯವರಿಗೆ ಅವರ ನಾಲೆಯ ಭಾಷೆಯಲ್ಲೇ ಹೇಳಿದೆ. ಮೊದಲು ಆ ಚುಕ್ಕೆ. ಏನೂ ಕಾಯಿಲೆ ಇಲ್ಲದ ಹತ್ತು ಜನರ ತಲೆ ನೋಡಿದರೆ ಸುಮಾರು ಒಬ್ಬರಲ್ಲಿ ಇಂಥ ಚುಕ್ಕೆ ಸಿಗುತ್ತದೆ. ಎಸಿಟಿಎಚ್ ಬೇರೆಲ್ಲೋ ಹುಟ್ಟುತ್ತಿದ್ದರೆ ಚುಕ್ಕೆ ತೆಗೆದರೂ ಕಾಯಿಲೆ ಇದ್ದಲ್ಲೇ ಇರುತ್ತದೆ. ಶ್ವಾಸಕೋಶದ ಸಣ್ಣ ಗೆಡ್ಡೆಗಳೂ ಕೆಲವೊಮ್ಮೆ ಈ ಹಾರ್ಮೋನು ಮಾಡುತ್ತವೆ.

ನಾಲೆಯಲ್ಲಿ ಕೆಸರು ನೀರು ಬರ್ತಾ ಇದೆ ಅಂದುಕೊಳ್ಳಿ. ಯಾವುದೋ ಒಂದು ತೂಬಿನ ಮೇಲೆ ಅನುಮಾನ. ಏನು ಮಾಡ್ತೀರಿ? ಆ ತೂಬಿನ ಬಾಯಲ್ಲೇ ಒಂದು ಚೊಂಬು, ಅದೇ ಹೊತ್ತಿಗೆ ದೂರದ ನಾಲೆಯಲ್ಲಿ ಒಂದು ಚೊಂಬು ತುಂಬಿ ಹೋಲಿಸ್ತೀರಿ. ತೂಬಿನ ನೀರು ತುಂಬಾ ದಪ್ಪಗಿದ್ದರೆ ಕೆಸರು ಅಲ್ಲಿಂದಲೇ. ಎರಡೂ ಒಂದೇ ಥರ ಇದ್ದರೆ ಬೇರೆ ಕಡೆ ಹುಡುಕಬೇಕು. ಪಿಟ್ಯುಟರಿಯ ರಕ್ತ ಬುರುಡೆಯ ತಳದಲ್ಲಿ ಎಡ ಬಲ ಎರಡು ಸಣ್ಣ ನಾಳಗಳ ಮೂಲಕ ಇಳಿಯುತ್ತದೆ. ಅವೇ ಇನ್ಫೀರಿಯರ್ ಪೆಟ್ರೋಸಲ್ ಸೈನಸ್. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ, ಕುತ್ತಿಗೆ ದಾಟಿ ಅಲ್ಲಿಗೆ ತಲುಪುತ್ತಾರೆ. ಬುರುಡೆಗೆ ತೂತು ಹಾಕಲ್ಲ. ಎರಡೂ ಸೈನಸ್ ಮತ್ತು ದೂರದ ಒಂದು ರಕ್ತನಾಳ, ಮೂರೂ ಕಡೆ ಒಂದೇ ಕ್ಷಣಕ್ಕೆ ರಕ್ತ ತೆಗೆಯಬೇಕು. ಎಸಿಟಿಎಚ್ ಅಲೆ ಅಲೆಯಾಗಿ ಬರುವುದರಿಂದ ಒಂದಾದ ಮೇಲೊಂದು ತೆಗೆದರೆ ಲೆಕ್ಕ ತಪ್ಪುತ್ತದೆ.

ಮಾತ್ರೆ ತಡೆದಿದ್ದಕ್ಕೂ ಕಾರಣ ಇತ್ತು. ಕಾರ್ಟಿಸಾಲ್ ಜಾಸ್ತಿ ಇರುವಾಗ ಆರೋಗ್ಯವಾದ ಪಿಟ್ಯುಟರಿ ಕೆಲಸ ನಿಲ್ಲಿಸಿ ಮಲಗಿರುತ್ತದೆ. ಮಾತ್ರೆ ಕೊಟ್ಟು ಇಳಿಸಿದರೆ ಅದು ಎದ್ದು ತಾನೂ ಎಸಿಟಿಎಚ್ ಬಿಡುತ್ತದೆ. ಆಗ ಪಾಪ, ಏನೂ ಮಾಡದ ತೂಬೇ ಕಳ್ಳನ ಹಾಗೆ ಕಾಣುತ್ತದೆ. ಕಾಯಿಲೆ ತೀರಾ ಬಿಗಡಾಯಿಸಿದ್ದರೆ ಪರೀಕ್ಷೆ ಬಿಟ್ಟು ಮಾತ್ರೆಯೇ ಮೊದಲು ಕೊಡುತ್ತಿದ್ದರು. ಇವರಿಗೆ ಒಂಬತ್ತು ದಿನ ಕಾಯಬಹುದು ಅಂತ ತೀರ್ಮಾನಿಸಿದ್ದರು. ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ ಅಂದೆ. ಒಂದು, ಪರೀಕ್ಷೆಯ ದಿನ ಕಾರ್ಟಿಸಾಲ್ ಜಾಸ್ತಿಯೇ ಇದೆ ಅಂತ ಖಾತ್ರಿ ಮಾಡ್ಕೊಳ್ತೀರಾ? ಇನ್ನೊಂದು, ಅದೇ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಕೂಡ ನೋಡ್ತೀರಾ? ಅಪಾಯವನ್ನೂ ಮುಚ್ಚಿಡಲಿಲ್ಲ. ತೊಡೆಸಂದಿಯಲ್ಲಿ ರಕ್ತ ಕಟ್ಟಿ ಊದಿಕೊಳ್ಳಬಹುದು. ಪಾರ್ಶ್ವವಾಯುವಿನಂಥದ್ದು ತೀರಾ ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಶಾಂತಮ್ಮನೇ ಕೊನೆಗೆ "ಮಾಡಿಸ್ತೀನಿ" ಅಂದರು.

ಬೆಂಗಳೂರಿನಲ್ಲಿ ಪರೀಕ್ಷೆ ಆಯಿತು. ಶಾಂತಮ್ಮ ಎಚ್ಚರವಾಗಿಯೇ ಇದ್ದರು. ಕಿವಿಯ ಹತ್ತಿರ ಏನೋ ಒತ್ತಿದ ಹಾಗಾಯಿತಂತೆ. ತೆಗೆದ ರಕ್ತದ ಟ್ಯೂಬುಗಳನ್ನು ತಕ್ಷಣ ಐಸ್ ಮೇಲೆ ಇಟ್ಟರಂತೆ. ಬಿಸಿಗೆ ಎಸಿಟಿಎಚ್ ಕೆಡುತ್ತದೆ. ಮೊದಲ ಸುತ್ತಿನಲ್ಲಿ ದೂರದ ರಕ್ತದಲ್ಲಿ 186, ಎಡ ಸೈನಸ್‌ನಲ್ಲಿ 205, ಬಲದಲ್ಲಿ 212. ತೂಬು ಪಿಟ್ಯುಟರಿಯೇ ಆಗಿದ್ದರೆ ಸೈನಸ್‌ನ ಅಂಕಿ ದೂರದ ರಕ್ತದ ಎರಡು ಪಟ್ಟಾದರೂ ಇರಬೇಕಿತ್ತು. ಆಮೇಲೆ ಪಿಟ್ಯುಟರಿಯನ್ನು ಕೆಣಕಲು ಡೆಸ್ಮೋಪ್ರೆಸಿನ್ ಕೊಟ್ಟು ಕೆಲವು ನಿಮಿಷ ಬಿಟ್ಟು ಮತ್ತೆ ತೆಗೆದರು. ಆಗ ಮೂರು ಪಟ್ಟು ದಾಟಬೇಕು. ಬಂದಿದ್ದು ದೂರದಲ್ಲಿ 198, ಎಡದಲ್ಲಿ 231. ಒಂದೂ ಕಾಲು ಪಟ್ಟೂ ಇಲ್ಲ.

ತಮ್ಮನ ಅನುಮಾನ ಸರಿಯಾಗಿಯೇ ಇತ್ತು: "ಕೊಳವೆ ಸರಿಯಾದ ಜಾಗಕ್ಕೆ ಹೋಗಿರದೇ ಇದ್ರೆ?" ಪ್ರೊಲ್ಯಾಕ್ಟಿನ್ ಬೇಕಾಗಿದ್ದು ಅದಕ್ಕೇ. ಅದು ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು. ಅದು ದೂರದಲ್ಲಿ 9, ಎಡದಲ್ಲಿ 24, ಬಲದಲ್ಲಿ 21 ಇತ್ತು. ಕೊಳವೆಯ ತುದಿ ತೂಬಿನ ಬಾಯಲ್ಲೇ ಇತ್ತು.

ಇಲ್ಲಿ ಬಹಳ ಜನ ಎಡವುತ್ತಾರೆ. ಈ ಪರೀಕ್ಷೆ ಶ್ವಾಸಕೋಶದ ಗೆಡ್ಡೆಯನ್ನು ತೋರಿಸಲ್ಲ. ತಲೆಯಲ್ಲಿ ಅಲ್ಲ ಅಂತ ಮಾತ್ರ ಹೇಳುತ್ತದೆ, ಅದೂ ನೂರಕ್ಕೆ ನೂರು ಅಲ್ಲ. ಮುಂದೆ ಎದೆಯ ಸಿಟಿಯಲ್ಲಿ ಬಲ ಶ್ವಾಸಕೋಶದಲ್ಲಿ 14 ಮಿಲಿಮೀಟರ್ ಗೆಡ್ಡೆ ಕಂಡಿತು. ಇಂಥ ಗೆಡ್ಡೆ ಹುಡುಕುವ ಡೊಟಾಟೇಟ್ ಪೆಟ್ ಸ್ಕ್ಯಾನ್‌ನಲ್ಲಿ ಅದೇ ಹೊಳೆಯಿತು. ಕಾರ್ಟಿಸಾಲ್ ಇಳಿಸುವ ಮಾತ್ರೆ ಶುರು ಮಾಡಿ, ಮೈ ಸ್ವಲ್ಪ ಸುಧಾರಿಸಿದ ಮೇಲೆ ಆಪರೇಷನ್. ಹಾರ್ಮೋನು ಮಾಡಬಲ್ಲ ಕಾರ್ಸಿನಾಯ್ಡ್ ಎನ್ನುವ ಗೆಡ್ಡೆ ಅಂತ ವರದಿ ಬಂತು. ಎಸಿಟಿಎಚ್ ಗುರುತಿಸುವ ಬಣ್ಣವನ್ನೂ ಅದು ಹಿಡಿದಿತ್ತು, ಅಂದರೆ ಕೆಸರು ಅಲ್ಲಿಂದಲೇ.

ಆಪರೇಷನ್ ಆದ ಐದನೇ ವಾರ ಫೋನ್ ಬಂತು. "ಗೆಡ್ಡೆ ತೆಗೆದ್ರೂ ಸುಸ್ತು, ಮೈಕೈ ನೋವು, ಅಳು ಬರುತ್ತೆ." ಇದು ಗೆಡ್ಡೆ ವಾಪಸ್ ಬಂದದ್ದಲ್ಲ. ಅಷ್ಟೊಂದು ಕಾರ್ಟಿಸಾಲ್‌ಗೆ ಒಗ್ಗಿದ ಮೈಗೆ ಅದು ದಿಢೀರ್ ಇಳಿದಾಗ ಹೀಗಾಗುತ್ತದೆ. ಮಲಗಿದ್ದ ಪಿಟ್ಯುಟರಿ ಪೂರ್ತಿ ಏಳಲು ಎಷ್ಟೋ ತಿಂಗಳು ಬೇಕು. ಅಲ್ಲಿಯವರೆಗೆ ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಮಾತ್ರೆ ಒಂದು ದಿನವೂ ತಪ್ಪಬಾರದು. ಜ್ವರ ಬಂದರೆ ಡಾಕ್ಟರ್ ಹೇಳಿದ ಹಾಗೆ ಡೋಸ್ ದುಪ್ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್. ಇದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ ಅಂದೆ.

ಕಳೆದ ವಾರ ಬಂದಿದ್ದರು. ಗಂಡ ಸಮಾಧಾನದಿಂದ ಹೇಳಿದರು: "ಅವತ್ತು ಕೂಗಾಡಿದ್ದೆಲ್ಲ ಕಾರ್ಟಿಸಾಲ್ ಕಣೇ, ಬಿಡು." ಅವರು ಆಚೆ ಹೋದ ಮೇಲೆ ಶಾಂತಮ್ಮ ನನ್ನ ಕಡೆ ತಿರುಗಿದರು. "ಅತ್ತೆಗೆ ಅಂದಿದ್ರಲ್ಲಿ ಅರ್ಧ ನಿಜಾನೇ ಮೇಡಂ." ಮುಂದಿನ ಭೇಟಿ ಆ ಅರ್ಧಕ್ಕೆ.