ತಿಂಗಳ ಕೊನೆಗೆ ಸಿಮೆಂಟ್, ಕಬ್ಬಿಣದ ಲೆಕ್ಕ ತಾಳೆ ಆಗ್ತಿಲ್ಲ ಅಂದ್ರೆ ಎಲ್ಲಿ ನೋಡಬೇಕು?

ಪ್ರಶ್ನೆ: "ನಮ್ಮ ಸೈಟ್ ಬಾಗಲಕೋಟೆ ನವನಗರದಲ್ಲಿ. ಈ ತಿಂಗಳು ಸ್ಟೋರ್‌ನಿಂದ ಹೋದ ಸಿಮೆಂಟ್, ಬಿಲ್ಲಿನ ಕೆಲಸಕ್ಕೆ ಬೇಕಾದ್ದಕ್ಕಿಂತ ನೂರು ಚೀಲ ಜಾಸ್ತಿ ತೋರಿಸ್ತಿದೆ. ಕಬ್ಬಿಣ ಒಂದೂವರೆ ಟನ್ ಜಾಸ್ತಿ. ಮಾಲೀಕರು ಕಳ್ಳತನ ಅಂತಾರೆ, ಗೌಂಡಿ ವೇಸ್ಟೇಜ್ ಅಂತಾನೆ. ಹೇಗೆ ಹಿಡಿಯೋದು ಸರ್?"

ಉತ್ತರ:

ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ ಅಣ್ಣಾ. ಮೊದಲು ಒಂದು ಹೇಳಿ: ನಿಮ್ಮ ಬಿಲ್ ಎಷ್ಟನೇ ತಾರೀಕಿನವರೆಗೆ, ಸ್ಟೋರ್ ಲೆಕ್ಕ ಎಷ್ಟನೇ ತಾರೀಕಿನವರೆಗೆ? ನಮ್ಮ ಕಡೆ ಬಹಳ ಸೈಟ್‌ಗಳಲ್ಲಿ 25ಕ್ಕೆ ಅಳತೆ ಹಿಡಿದು ಬಿಲ್ ಮಾಡ್ತಾರೆ, ಸ್ಟೋರ್ ರಿಜಿಸ್ಟರ್ ಮಾತ್ರ 31ಕ್ಕೆ ಮುಚ್ಚುತ್ತಾರೆ. ಆ ಆರು ದಿನದ ಸಿಮೆಂಟ್ ಒಂದು ಕಡೆ ಇದೆ, ಕೆಲಸ ಇನ್ನೊಂದು ಕಡೆ ಇಲ್ಲ. ಅಲ್ಲಿಗೇ ಅರ್ಧ ಜಗಳ ಹುಟ್ಟುತ್ತೆ.

ಎರಡನೇದು, ಸ್ಟೋರ್‌ನಿಂದ ಹೋದದ್ದೆಲ್ಲ ಖರ್ಚಾಗಿದೆ ಅಂತ ಹಿಡಿಯಬೇಡಿ. ಮಿಕ್ಸರ್ ಹತ್ತಿರ ತಾಡಪತ್ರಿ ಕೆಳಗೆ ಇರೋ ಚೀಲ, ಕಟಿಂಗ್ ಜಾಗದಲ್ಲಿ ಬಿದ್ದಿರೋ ಸರಳು, ಕಟ್ಟಿ ನಿಲ್ಲಿಸಿದ್ದರೂ ಕಾಂಕ್ರೀಟ್ ಹಾಕದ ಕಾಲಂ, ಇವೆಲ್ಲ ಕಣ್ಣಿಗೆ ಕಾಣೋ ಮಾಲೇ. ತಿಂಗಳ ಕೊನೆಯ ಸಂಜೆ ಕೆಲಸ ನಿಂತ ಮೇಲೆ ನೀವೇ ಎದ್ದು ಹೋಗಿ ಎಣಿಸಬೇಕು. ಸ್ಟೋರ್‌ಕೀಪರ್ ಫೋನಿನಲ್ಲಿ ಹೇಳಿದ ಲೆಕ್ಕ ಸಾಕಾಗಲ್ಲ.

ವಿಜಯಪುರದಲ್ಲಿ ನಾನು ನೋಡಿಕೊಂಡ ಒಂದು ಹಾಸ್ಟೆಲ್ ಕಟ್ಟಡದ ಒಂದು ತಿಂಗಳ ಲೆಕ್ಕ ಹೇಳ್ತೀನಿ. ನಿಮ್ಮದಕ್ಕೆ ಹತ್ತಿರ ಇದೆ.

ಆ ತಿಂಗಳು 560 ಚೀಲ ಸಿಮೆಂಟ್ ಹೊರಗೆ ಹೋಗಿತ್ತು. ಬಿಲ್ಲಿನಲ್ಲಿ ಸ್ಲ್ಯಾಬ್, ಬೀಮ್, ಕಾಲಂ ಸೇರಿ 44 ಘನ ಮೀಟರ್ ಕಾಂಕ್ರೀಟ್. ಮಿಶ್ರಣ ಒಂದು ಪಾಲು ಸಿಮೆಂಟಿಗೆ ಒಂದೂವರೆ ಉಸುಕು, ಮೂರು ಖಡಿ. ಆ ಲೆಕ್ಕಕ್ಕೆ ಘನ ಮೀಟರಿಗೆ 8 ಚೀಲ, ಅಂದರೆ 352. ಇಟ್ಟಿಗೆ ಕಟ್ಟಡ 45 ಘನ ಮೀಟರ್, ಒಂದಕ್ಕೆ ಆರು ಗಾರೆ, 59 ಚೀಲ. ಒಳಗಿನ ಪ್ಲಾಸ್ಟರ್ 600 ಚದರ ಮೀಟರ್, 12 ಮಿಮೀ ದಪ್ಪ, ಒಂದಕ್ಕೆ ನಾಲ್ಕು. ನೂರು ಚದರ ಮೀಟರಿಗೆ 11 ಚೀಲ ಹಿಡಿದರೆ 66. ಎಲ್ಲ ಕೂಡಿ 477. ಹೋದದ್ದು 560. 83 ಚೀಲ ಜಾಸ್ತಿ ಅಂತ ಮಾಲೀಕರ ಮುಖ ಕೆಂಪಾಗಿತ್ತು.

ಮೊದಲು ತಾರೀಕು ಸರಿ ಮಾಡಿದೆವು. 26ರಿಂದ 31ರವರೆಗೆ ಆದ ಪ್ಲಾಸ್ಟರ್ ಮತ್ತು ಇಟ್ಟಿಗೆ ಕೆಲಸ ಅಳೆದರೆ 30 ಚೀಲದ ಕೆಲಸ ಸಿಕ್ಕಿತು. ಬೇಕಾದದ್ದು 507 ಆಯಿತು. ಆಮೇಲೆ ಸೈಟ್ ಎಣಿಕೆ. ಒಂದನೇ ತಾರೀಕು ಮಿಕ್ಸರ್ ಹತ್ತಿರ 4 ಚೀಲ ಇತ್ತು, 31ಕ್ಕೆ 14 ಇತ್ತು. ಅಲ್ಲಿಗೆ ನಿಜವಾಗಿ ಖರ್ಚಾದದ್ದು 550. ಹಿಂದಿನ ತಿಂಗಳ ಕೊನೆಯ ಎಣಿಕೆ ಬರೆದಿಟ್ಟಿರಲಿಲ್ಲ ಅಂದ್ರೆ ಈ ಸಾಲೇ ಬರೋದಿಲ್ಲ. ಅದಕ್ಕೇ ಪ್ರತಿ ತಿಂಗಳೂ ಎಣಿಸಬೇಕು, ಜಗಳ ಆದ ತಿಂಗಳು ಮಾತ್ರ ಅಲ್ಲ.

ಮೂರನೇದು, ಬಿಲ್ಲಿಗೆ ಬಾರದ ಕೆಲಸ. ಕಿಟಕಿ ಕೆಳಗಿನ ಬೆಡ್, ಕ್ಯೂರಿಂಗ್‌ಗೆ ಸ್ಲ್ಯಾಬ್ ಮೇಲೆ ಕಟ್ಟಿದ ಗಾರೆಯ ಬದು, ಲೇಬರ್ ಶೆಡ್ ನೆಲ, ನೀರಿನ ಹೌದಿನ ರಿಪೇರಿ. ಇವಕ್ಕೆ ಚೀಟಿ ಇದ್ದದ್ದು 12 ಚೀಲ. ಚೀಟಿ ಇಲ್ಲದ್ದನ್ನ ನಾವು ಒಪ್ಪಲಿಲ್ಲ. ಈಗ ಬೇಕಾದದ್ದು 519, ಖರ್ಚು 550. ಉಳಿದ ವ್ಯತ್ಯಾಸ 31 ಚೀಲ, ಶೇ. 6. ಸಿಮೆಂಟಿಗೆ ಶೇ. 2–3 ವೇಸ್ಟೇಜ್ ಬಿಡೋದು ರೂಢಿ, ಕರಾರಿನಲ್ಲಿ ಬೇರೆ ಬರೆದಿದ್ದರೆ ಅದೇ. ಅಂದ್ರೆ ಸುಮಾರು 15 ಚೀಲ ನಿಜವಾಗಿ ಜಾಸ್ತಿ. ಎಂಬತ್ತಮೂರು ಎಲ್ಲಿ, ಹದಿನೈದು ಎಲ್ಲಿ!

ಆ ಹದಿನೈದನ್ನ ಹಿಡಿಯೋಕೆ ಒಟ್ಟು ಲೆಕ್ಕ ಸಾಲದು. ಯಾವ ಕೆಲಸಕ್ಕೆ ಎಷ್ಟು ಚೀಲ ಅಂತ ಚೀಟಿಯಲ್ಲೇ ಬರೆದಿರಬೇಕು. "ಗೌಂಡಿಗೆ 20 ಚೀಲ" ಅಂತ ಬರೆದ ಚೀಟಿ ಯಾವ ಪ್ರಯೋಜನಕ್ಕೂ ಬರಲ್ಲ. ನಮ್ಮ ಚೀಟಿಗಳಲ್ಲಿ ಕೆಲಸದ ಹೆಸರು ಇತ್ತು. ಕೆಲಸವಾರು ಬೇರೆ ಮಾಡಿದಾಗ ಕಾಂಕ್ರೀಟ್, ಇಟ್ಟಿಗೆ, ಸಣ್ಣಪುಟ್ಟ ಕೆಲಸ ಎಲ್ಲ ಸೇರಿ ಶೇ. 3ರೊಳಗೇ ಇತ್ತು. ಪ್ಲಾಸ್ಟರ್ ಮಾತ್ರ ಕೈಕೊಟ್ಟಿತ್ತು. ತಿಂಗಳ ಪೂರ್ತಿ 780 ಚದರ ಮೀಟರಿಗೆ 86 ಚೀಲ ಸಾಕಿತ್ತು, ಹೋದದ್ದು 104.

ಸ್ವಿಚ್ ಬಾಕ್ಸ್‌ಗೆ ಗೋಡೆ ಕೊರೆದ ಕಡೆ ಸ್ಕೇಲ್ ಹಿಡಿದು ನೋಡಿದೆ. ಒಂದು ಕಡೆ 11 ಮಿಮೀ, ಇನ್ನೊಂದು ಕಡೆ 14, ಮೆಟ್ಟಿಲ ಗೋಡೆಯಲ್ಲಿ 19. ಇಟ್ಟಿಗೆ ಗೋಡೆ ನೆಟ್ಟಗೆ ನಿಂತಿರಲಿಲ್ಲ. ತೂಗುಗುಂಡು ಬಿಟ್ಟು ನೋಡಿದಾಗ ಗೊತ್ತಾಯಿತು. ಪ್ಲಾಸ್ಟರ್‌ನವನು ಆ ಸೊಟ್ಟ ಮುಚ್ಚೋಕೆ ದಪ್ಪ ಬಳಿದಿದ್ದ. ಚೀಲ ಹೊರಗೆ ಹೋಗಿರಲಿಲ್ಲ, ಗೋಡೆಯಲ್ಲೇ ಇತ್ತು. ಇದರ ಹಣ ಯಾರ ಲೆಕ್ಕಕ್ಕೆ ಅನ್ನೋದು ಮಾತ್ರ ನಮ್ಮಲ್ಲಿ ಕೊನೆಗೂ ತೀರ್ಮಾನ ಆಗಲಿಲ್ಲ. ಇಟ್ಟಿಗೆ ಗೌಂಡಿ, "ಅವನು ಮೊದಲೇ ಹೇಳಬೇಕಿತ್ತು" ಅಂದ. ಪ್ಲಾಸ್ಟರ್‌ನವನು, "ನಾನು ಕಟ್ಟಿದ ಗೋಡೆ ಅಲ್ಲ" ಅಂದ. ಇಬ್ಬರದ್ದೂ ಸುಳ್ಳಲ್ಲ. ನನ್ನ ಅಭಿಪ್ರಾಯದಲ್ಲಿ ಪ್ಲಾಸ್ಟರ್ ಶುರು ಮಾಡೋ ಮೊದಲು ಗೋಡೆ ಒಪ್ಪಿಸಿಕೊಂಡವನೇ ಹೊಣೆ, ಆದರೆ ಒಪ್ಪಿಸಿಕೊಂಡ ಬರಹ ನಮ್ಮ ಹತ್ತಿರ ಇರಲಿಲ್ಲ.

ಇನ್ನು ಇದೇ ಪ್ರಶ್ನೆಗೆ ನನಗಿಂತ ಮೊದಲು ಬೇರೆಯವರು ಕೊಟ್ಟ ಉತ್ತರಗಳ ಬಗ್ಗೆ. ಚದರಡಿಗೆ 0.4 ಚೀಲ, 4 ಕೆಜಿ ಕಬ್ಬಿಣ ಹಿಡಿದು ನೋಡಿ ಅಂತ ಒಬ್ಬರು ಹೇಳಿದ್ದಾರೆ. ಮನೆ ಶುರು ಮಾಡೋ ಮೊದಲು ಒಟ್ಟು ಎಷ್ಟು ಬೇಕಾಗಬಹುದು ಅಂತ ಅಂದಾಜು ಮಾಡೋಕೆ ಆ ಲೆಕ್ಕ ಪರವಾಗಿಲ್ಲ. ತಿಂಗಳ ಲೆಕ್ಕಕ್ಕೆ ಆಗಲ್ಲ. ಸ್ಲ್ಯಾಬ್ ಹಾಕಿದ ತಿಂಗಳು ಖರ್ಚು ಏರುತ್ತೆ, ಇಟ್ಟಿಗೆ ತಿಂಗಳು ಇಳಿಯುತ್ತೆ. ಹಾಗೆ ನೋಡಿದರೆ ಒಂದು ತಿಂಗಳು ಎಲ್ಲರೂ ಕಳ್ಳರು, ಮುಂದಿನ ತಿಂಗಳು ಎಲ್ಲರೂ ಸಾಚಾ!

ಜಮಖಂಡಿಯ ಅಣ್ಣ ತಮ್ಮ ಹೊಲದ ಶೆಡ್ಡಿನಲ್ಲಿ ಮಳೆಗೆ ಗಟ್ಟಿಯಾದ ಚೀಲಗಳ ಕಥೆ ಹೇಳಿದ್ದಾರೆ. ಕೇಳಿದ ಪ್ರಶ್ನೆ ಅದಲ್ಲವಾದರೂ ಅದರಲ್ಲಿ ಒಂದು ಉಪಯೋಗ ಇದೆ. ಗಟ್ಟಿಯಾದ ಚೀಲ ಬಿಸಾಕಿದರೆ ಅದನ್ನ ವೇಸ್ಟೇಜ್‌ನಲ್ಲಿ ಸೇರಿಸಬೇಡಿ. ಬೇರೆ ಸಾಲಿನಲ್ಲಿ "ಕೆಟ್ಟದ್ದು" ಅಂತ ಎಣಿಸಿ ಬರೆಯಿರಿ. ಅದು ಸ್ಟೋರಿನ ತಪ್ಪು, ಗೌಂಡಿಯದಲ್ಲ.

ಕಬ್ಬಿಣಕ್ಕೆ ಬರೋಣ. ಉತ್ತರ ಕೊಟ್ಟವರಲ್ಲಿ ಬಾರ್ ಬೆಂಡರ್ ಕಾಕಾ ಬರೆದದ್ದು ಪಕ್ಕಾ ಸರಿ: ಸ್ಲ್ಯಾಬಿನ ಮೇಲಿನ ಸರಳನ್ನ ಎತ್ತಿ ಹಿಡಿಯೋ ಚೇರು, ಬೀಮಿನ ಸಾಲುಗಳ ನಡುವೆ ಹಾಕೋ ತುಂಡು, ಸರಳಿಗೆ ಸರಳು ಜೋಡಿಸೋ ಕಡೆ ಡ್ರಾಯಿಂಗಿನಲ್ಲಿ ತೋರಿಸದ ಲ್ಯಾಪ್, ಇವು ಬಿಬಿಎಸ್ ಅನ್ನೋ ಸರಳಿನ ಉದ್ದ, ತೂಕದ ಪಟ್ಟಿಯಲ್ಲಿ ಬಹಳ ಕಡೆ ಬರೋದೇ ಇಲ್ಲ. ನಮ್ಮ ಅದೇ ತಿಂಗಳು 6,100 ಕೆಜಿ ಹೋಗಿತ್ತು, ಕಾಂಕ್ರೀಟ್ ಹಾಕಿದ ಭಾಗದ ಬಿಬಿಎಸ್ 4,380. ಒಂದನೇ ತಾರೀಕು ಕಟಿಂಗ್ ಜಾಗ ಖಾಲಿ ಇತ್ತು. 31ಕ್ಕೆ ಕಟ್ಟಿ ನಿಂತ ಕಾಲಂ, ಬೀಮಿನಲ್ಲಿ 820 ಕೆಜಿ ಇತ್ತು. ಕಟಿಂಗ್ ಜಾಗದಲ್ಲಿ ಪೂರ್ತಿ ಸರಳು ಮತ್ತು ಬಳಸೋ ತುಂಡು 430. ಚೇರು, ಲ್ಯಾಪ್ 140. ತೂಗಿದ ಸ್ಕ್ರ್ಯಾಪ್ 115. ಒಂದು ಟನ್ ಏಳುನೂರ ಇಪ್ಪತ್ತು ಕೆಜಿಯ ವ್ಯತ್ಯಾಸ 215ಕ್ಕೆ ಇಳಿಯಿತು.

ಆಮೇಲೆ ತೂಕ. ಲಾರಿ ಕಾಟಾ ಮೇಲೆ ತೂಗಿ ಬರುತ್ತೆ, ಬಿಬಿಎಸ್ ಲೆಕ್ಕ ಮಿಮೀ ವ್ಯಾಸದ ವರ್ಗವನ್ನ 162ರಿಂದ ಭಾಗಿಸಿ, ಮೀಟರಿಗೆ ಇಷ್ಟು ಕೆಜಿ ಅಂತ ಬರುತ್ತೆ. 8 ಎಂಎಂ ಸರಳಿನ ಒಂದು ಮೀಟರಿನ ಹತ್ತು ತುಂಡು ತೂಗಿ ನೋಡಿ, 3.95 ಕೆಜಿ ಬರಬೇಕು. ನಮ್ಮಲ್ಲಿ 4.1 ಬಂತು. ಸರಳಿನ ಭಾರತೀಯ ಮಾನಕ ಐಎಸ್ 1786ರಲ್ಲಿ 10 ಎಂಎಂವರೆಗಿನ ಸರಳಿಗೆ ಒಂದು ಲಾಟಿನ ಸರಾಸರಿ ತೂಕದಲ್ಲಿ ಶೇ. 7 ಹೆಚ್ಚುಕಮ್ಮಿಗೆ ಅವಕಾಶ ಇದೆ, ಹಾಗಾಗಿ ಮಾಲು ಕೆಟ್ಟದ್ದು ಅನ್ನೋಕೆ ಆಗಲ್ಲ. ಆದರೆ ಎರಡು ಟನ್ 8 ಎಂಎಂನಲ್ಲಿ ಇದೇ ಸುಮಾರು 75 ಕೆಜಿ ತಿಂದಿತ್ತು. ಪ್ರತಿ ಲಾರಿ ಬಂದಾಗ ಈ ಹತ್ತು ತುಂಡು ತೂಗಿ ಬರೆದಿಡಿ, ಐದು ನಿಮಿಷದ ಕೆಲಸ.

ಉಳಿದದ್ದು 140 ಕೆಜಿ. ಇಲ್ಲಿ ಕಟಿಂಗ್ ನೋಡಬೇಕು. ಒಂದು ಬೀಮಿಗೆ 12 ಎಂಎಂ ಸರಳು 4.4 ಮೀಟರ್ ಬೇಕಿತ್ತು. 12 ಮೀಟರಿನ ಸರಳಿನಲ್ಲಿ ಎರಡು ತುಂಡು ಬಂದು 3.2 ಮೀಟರ್ ಉಳಿಯುತ್ತೆ. 64 ತುಂಡಿಗೆ 32 ಸರಳು ಕತ್ತರಿಸಿದ್ದರು. ಹಾಗಾದರೆ 3.2 ಮೀಟರಿನ 32 ತುಂಡು ಎಲ್ಲೋ ಇರಬೇಕಲ್ವಾ? ಲಿಂಟಲ್‌ಗೆ ಹೇಳಿ ಮಾಡಿಸಿದ ಉದ್ದ ಅದು. ಎಣಿಸಿದರೆ 11 ಸಿಕ್ಕವು. ಕೆಲವನ್ನ ಸೆಂಟ್ರಿಂಗ್‌ನವರು ಕಂಬ ಬಿಗಿಯೋಕೆ ತಗೊಂಡಿದ್ದರು. ಉಳಿದವು ಸಿಗಲೇ ಇಲ್ಲ. ಯಾರು ಒಯ್ದರು ಅಂತ ನಾನು ಯಾರ ಮೇಲೂ ಬೆರಳು ತೋರಿಸಲಿಲ್ಲ. ಆದರೆ ಆ ದಿನದಿಂದ ಮೀಟರಿಗಿಂತ ಉದ್ದದ ತುಂಡು ಗುಜರಿಗೆ ಹೋಗೋದು ನಿಲ್ಲಿಸಿದೆವು, ಗುಜರಿ ಗಾಡಿ ಬಂದಾಗ ಸ್ಟೋರ್‌ಕೀಪರ್ ಜೊತೆ ಇನ್ನೊಬ್ಬರು ನಿಂತು ತೂಗಿಸಬೇಕು ಅಂತ ಮಾಡಿದೆವು.

ಒಂದು ಎಚ್ಚರಿಕೆ. ಲೆಕ್ಕ ಕಡಿಮೆ ಬಂದರೂ ಸುಮ್ನೆ ಬಿಡಬೇಡಿ. 352 ಚೀಲ ಬೇಕಾದ ಕಾಂಕ್ರೀಟಿಗೆ 320 ಹೋಗಿದ್ದರೆ ಉಳಿತಾಯ ಅಂತ ಖುಷಿಪಡೋ ವಿಷಯ ಅಲ್ಲ. ಮಿಶ್ರಣದಲ್ಲಿ ಖಡಿ, ಉಸುಕು ಜಾಸ್ತಿ ಬಿದ್ದಿರಬಹುದು, ಇಲ್ಲವೇ ಸ್ಲ್ಯಾಬ್ ತೆಳ್ಳಗಿರಬಹುದು. ಆ ದಿನದ ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಿದ ಕ್ಯೂಬ್ ಫಲಿತಾಂಶ ತೆಗೆದು ನೋಡಿ. ರೆಡಿಮಿಕ್ಸ್ ಅಥವಾ ಡಿಸೈನ್ ಮಿಕ್ಸ್ ಬಳಸಿದ್ದರೆ 8 ಚೀಲದ ಲೆಕ್ಕ ಹಿಡಿಯಲೇಬೇಡಿ, ನಿಮ್ಮ ಮಿಕ್ಸ್ ರಿಪೋರ್ಟಿನಲ್ಲಿ ಎಷ್ಟು ಕೆಜಿ ಇದೆಯೋ ಅದೇ.

ನಿಮ್ಮ ವಿಷಯಕ್ಕೆ: ಬಿಲ್ಲಿನ ಕೊನೆಯ ತಾರೀಕು, ಮಿಕ್ಸರ್ ಹತ್ತಿರದ ಚೀಲದ ಎಣಿಕೆ, ಕಟ್ಟಿ ನಿಂತ ಕಬ್ಬಿಣದ ಬಿಬಿಎಸ್ ಇಲ್ಲಿ ಹಾಕಿ. ಒಂದೂವರೆ ಟನ್ನಿನಲ್ಲಿ ಬಹುಪಾಲು ಅಲ್ಲೇ ಸಿಗುತ್ತೆ ಅಂತ ನನಗೆ ಅನ್ನಿಸುತ್ತೆ. ಸಿಮೆಂಟಿನ ನೂರು ಚೀಲದ್ದು ಮಾತ್ರ ಕೆಲಸವಾರು ಚೀಟಿ ನೋಡದೆ ಹೇಳೋಕಾಗಲ್ಲ. ಅವು ಇಲ್ಲ ಅಂದ್ರೆ ಈ ತಿಂಗಳದ್ದು ಬಿಟ್ಟು ಒಂದನೇ ತಾರೀಕಿನಿಂದ ಶುರು ಮಾಡಿ, ಅಲ್ಲಿಯವರೆಗೆ ಗೌಂಡಿಯ ಪೇಮೆಂಟ್ ಹಿಡಿಯಬೇಡಿ ಅಂತ ಮಾಲೀಕರಿಗೆ ಹೇಳಿ.