ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಆರಿಹೋಗುತ್ತಿದೆ

«ಹಾಸನದಿಂದ ಕೇಳುತ್ತಿದ್ದೇನೆ. ಆರ್‌ಟಿಎಕ್ಸ್ 3070 ಹಾಕಿದ್ದೇನೆ. ಆಟ ಶುರುವಾದ ಕೂಡಲೇ ಕಂಪ್ಯೂಟರ್ ಪಟ್ಟನೆ ಆರುತ್ತದೆ. ಪವರ್ ಸಪ್ಲೈ 500 ವಾಟ್‌ನದು, ಯುಪಿಎಸ್ 600 ವಿಎ. ಕಾರ್ಡೇ ಕೆಟ್ಟಿದೆಯೇ?»

ಕಾರ್ಡಿನ ಮೇಲೆ ಈಗಲೇ ಅನುಮಾನ ಬೇಡ. ಬಿಸಿಯಿಂದ ಆರುವುದಾದರೆ ಸಾಮಾನ್ಯವಾಗಿ ಕೆಲವು ನಿಮಿಷ ಹಿಡಿಯುತ್ತದೆ. ಕೂಡಲೇ ಆರಿದರೆ ವಿದ್ಯುತ್ತಿನ ಕಡೆ ನೋಡಬೇಕು.

ಮೊದಲು ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಕರೆಂಟ್ ಹೋಗಿಬರುವ ನಮ್ಮೂರುಗಳಲ್ಲಿ ಎಲ್ಲರೂ ಇಡುವ 600 ವಿಎ ಯುಪಿಎಸ್ ಹೆಚ್ಚೆಂದರೆ 360 ವಾಟ್ ಆಸುಪಾಸು ಕೊಡುತ್ತದೆ.

ಆಗಲೂ ಆರಿದರೆ, ಪವರ್ ಸಪ್ಲೈ ಚೀಟಿಯಲ್ಲಿ +12V ಸಾಲಿನ ಆಂಪಿಯರ್ ಅನ್ನು 12ರಿಂದ ಗುಣಿಸಿ. 30 ಆಂಪಿಯರ್ ಇದ್ದರೆ ಸಿಗುವುದು 360 ವಾಟ್ ಮಾತ್ರ. ಮೇಲೆ ದಪ್ಪಕ್ಷರದಲ್ಲಿ 500 ಎಂದಿದ್ದರೂ ಅಷ್ಟೇ. ಈ ಕಾರ್ಡಿಗೇ 220 ವಾಟ್ ಬೇಕು, ಕ್ಷಣಮಾತ್ರಕ್ಕೆ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತದೆ. ಆ ಏರಿಕೆಗೆ ಪವರ್ ಸಪ್ಲೈ ತನ್ನ ರಕ್ಷಣೆಗೆ ಆರಿಬಿಡುತ್ತದೆ. ತಯಾರಕರೇ 650 ವಾಟ್ ಶಿಫಾರಸು ಮಾಡಿದ್ದಾರೆ.

ಕಾರ್ಡಿನಲ್ಲಿ ಎರಡು ಎಂಟು ಪಿನ್ ಸಾಕೆಟ್ ಇದ್ದರೆ ಎರಡಕ್ಕೂ ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲ್ಲಿನ ಕವಲು ಬೇಡ. ಕ್ಲಿಪ್ ಟಕ್ಕೆಂದು ಕೂರಬೇಕು.

ಖಚಿತವಾಗಬೇಕಾದರೆ ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟ್ ಶೇ. 60ಕ್ಕೆ ಇಳಿಸಿ ಆಡಿ. ಆಗ ಆರದಿದ್ದರೆ ಬದಲಿಸಬೇಕಾದದ್ದು ಬಹುತೇಕ ಪವರ್ ಸಪ್ಲೈ.